ಹೊಸ ಕೆಲಸದ ಪೋಸ್ಟ್ ಬಗ್ಗೆ

ಪ್ರೀತಿಯ ಪುಟ್ಟಿ,

ಹೊಸ ಕೆಲಸದ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಹಾಕಲು ನೀನು ಬರೆದು ಕಳಿಸಿದ ಡ್ರಾಫ್ಟ್ ಓದಿದೆ. ಕೆಲಸ ಸಿಕ್ಕ ಖುಷಿ ಫೋನಿನಲ್ಲೇ ಹಂಚಿಕೊಂಡಿದ್ದಾಯಿತು, ಈಗ ನೇರ ಪೋಸ್ಟಿಗೆ ಬರುತ್ತೇನೆ.

"ನನ್ನ ವೃತ್ತಿ ಪಯಣದ ಹೊಸ ಅಧ್ಯಾಯ" ಅಂತ ಶುರು ಮಾಡಿದ್ದೀಯ. ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಲಿಂಕ್ಡ್‌ಇನ್‌ನಲ್ಲಿ ಮೊದಲು ಕಾಣುವುದು ಮೇಲಿನ ಕೆಲವು ಸಾಲು ಮಾತ್ರ. ಉಳಿದದ್ದನ್ನು ಒತ್ತಿ ತೆರೆಯಬೇಕು. ಆ ಜಾಗವೆಲ್ಲ ಪಯಣಕ್ಕೇ ಹೋದರೆ ಸುದ್ದಿ ಒಳಗೇ ಉಳಿಯುತ್ತದೆ.

"ಸಾವಿರಾರು ಜನರ ನಡುವೆ ಆಯ್ಕೆಯಾದೆ" ಅನ್ನುವುದನ್ನು ತೆಗೆದುಬಿಡು. ಅದೇ ಕೆಲಸ ಸಿಗದವರೂ ಓದುತ್ತಾರೆ. "ನನಗೆ ಅರ್ಹತೆ ಇದೆಯೋ ಇಲ್ಲವೋ" ಅನ್ನುವುದೂ ಬೇಡ. ಇದೆ ಅಂತ ನಾಲ್ಕು ಜನ ಹೇಳಲಿ ಎಂದು ಕಾಯುವ ಮಾತು ಅದು. ನನಗಂತೂ ನೇರ ಜಂಬಕ್ಕಿಂತ ಇದೇ ಜಾಸ್ತಿ ಚುಚ್ಚುತ್ತದೆ.

ಥ್ಯಾಂಕ್ಸ್ ಹೇಳುವಾಗ ಹದಿನೈದು ಜನರನ್ನು ಟ್ಯಾಗ್ ಮಾಡಿದ್ದೀಯ. ಅಷ್ಟು ಹೆಸರು ಸಾಲಾಗಿ ಬಂದರೆ ಯಾರಿಗೂ ಹೇಳಿದಂತೆ ಆಗುವುದಿಲ್ಲ. ಇಬ್ಬರು ಸಾಕು, ಆದರೆ ಅವರು ಏನು ಮಾಡಿದರು ಅಂತ ಬರೆ. ಆಗ ನಿನಗೆ ಏನು ಬರುತ್ತದೆ ಅನ್ನುವುದೂ ತಾನಾಗಿ ತಿಳಿಯುತ್ತದೆ, ನೀನು ಹೇಳಿಕೊಳ್ಳಬೇಕಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಈ ವಾರ ಟೆಸ್ಟಿಂಗ್ ಟೀಮಿಗೆ ಸೇರಿದೆ. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಇದಕ್ಕೂ ಮುಂಚೆ ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ. ಬಂದ ದೂರನ್ನು ಸುಮ್ನೆ ಮುಂದಕ್ಕೆ ಕಳಿಸದೆ, ಯಾವ ಹಂತದಲ್ಲಿ ತಪ್ಪಾಗುತ್ತಿದೆ ಅಂತ ಬರೆದಿಡಲು ಕಲಿಸಿದ್ದು ನಮ್ಮ ಟೀಮ್ ಲೀಡ್. ರಜೆಯ ದಿನವೂ ಕೂತು ಇಂಟರ್‌ವ್ಯೂ ಪ್ರಶ್ನೆ ಕೇಳಿದ್ದು ನನ್ನ ಗೆಳತಿ. ಇಬ್ಬರಿಗೂ ಥ್ಯಾಂಕ್ಸ್. ಸಪೋರ್ಟ್‌ನಿಂದ ಟೆಸ್ಟಿಂಗ್‌ಗೆ ಬರಬೇಕು ಅನ್ನುವವರು ಮೆಸೇಜ್ ಮಾಡಿ, ನಾನು ಏನೇನು ಓದಿದೆ ಅಂತ ಹೇಳುತ್ತೇನೆ."

ಇದಕ್ಕೆ ಕಂಪನಿಯ ಹೆಸರು ಮತ್ತು ಆ ಇಬ್ಬರ ಹೆಸರು ಸೇರಿಸಿಕೋ. ಕೊನೆಯ ಸಾಲು ಇದೆಯಲ್ಲ, ಗಮನ ಸೆಳೆಯುವುದು ಅದೇ. ಬರೀ "ಕಂಗ್ರಾಟ್ಸ್" ಅಂದು ಮುಂದೆ ಹೋಗುವವರು ಅಲ್ಲಿ ನಿಂತು ಏನಾದರೂ ಕೇಳುತ್ತಾರೆ. ಹಾಗೆ ಕೇಳಿದವರಿಗೆ ನೀನು ಉತ್ತರ ಕೊಡಲೇಬೇಕು. ಆಗದಿದ್ದರೆ ಆ ಸಾಲನ್ನೇ ಹಾಕಬೇಡ.

ಕೆಲಸಕ್ಕೆ ಸೇರುವ ಮುಂಚೆ ಮಾತ್ರ ಪೋಸ್ಟ್ ಹಾಕಬೇಡ. ಆಫರ್ ಬಂದಮೇಲೂ ಸೇರುವ ದಿನ ಮುಂದಕ್ಕೆ ಹೋಗುವುದುಂಟು, ಕೆಲವೊಮ್ಮೆ ಆಫರ್ರೇ ರದ್ದಾಗುತ್ತದೆ. ಪ್ರೊಫೈಲಿನಲ್ಲಿ ಹೊಸ ಕೆಲಸ ಸೇರಿಸುವಾಗ, ಎಲ್ಲರಿಗೂ ತಿಳಿಸುವ ಆಯ್ಕೆಯನ್ನು ಆಫ್ ಮಾಡು. ಇಲ್ಲದಿದ್ದರೆ ನೀನು ಬರೆಯುವ ಮುಂಚೆಯೇ ಸುದ್ದಿ ಹೋಗಿರುತ್ತದೆ. ಐಡಿ ಕಾರ್ಡಿನ ಫೋಟೋ ಬೇಡವೇ ಬೇಡ. ಅದರಲ್ಲಿ ನಿನ್ನ ಎಂಪ್ಲಾಯಿ ನಂಬರ್, ಬಾರ್‌ಕೋಡ್ ಎಲ್ಲ ಇರುತ್ತದೆ.

ಲೀಡ್‌ಗೂ ಗೆಳತಿಗೂ ಒಂದು ಮಾತು ಕೇಳಿ ಆಮೇಲೆ ಟ್ಯಾಗ್ ಮಾಡು. ಗೆಳತಿಯೂ ಕೆಲಸ ಹುಡುಕುತ್ತಿದ್ದಾಳೆ ಅಂತ ನೀನೇ ಅಂದಿದ್ದೆ, ಅವಳ ಈಗಿನ ಆಫೀಸಿಗೆ ಅದು ಗೊತ್ತಾಗುವುದು ಬೇಡವಾಗಿರಬಹುದು.

ನಿನ್ನ
ಚಿಕ್ಕಪ್ಪ