ಹದಿನಾಲ್ಕು ತಿಂಗಳಾದ ಮೇಲೆ ಸಹಿ ಬಿತ್ತು, ಎಲ್ಲರಿಗೂ ಧನ್ಯವಾದ

ವಸಂತನರಸಾಪುರದ ನಮ್ಮ ಕಾರ್ಖಾನೆಯ ವೇತನ ಒಪ್ಪಂದಕ್ಕೆ ಕಡೆಗೂ ಸಹಿ ಬಿದ್ದಿದೆ. ಹಳೇ ಒಪ್ಪಂದದ ಅವಧಿ 2023ರ ಮಾರ್ಚ್‌ಗೆ ಮುಗಿದಿತ್ತು. ಸಂಘದ ಕಾರ್ಯದರ್ಶಿಯಾಗಿ ಕೆಲವರಿಗೆ ಕೈಮುಗಿದು ಹೇಳಬೇಕಿದೆ.

ಮೊದಲು ಬೇಡಿಕೆ ಪಟ್ಟಿ ತಯಾರಿಸಿದವರಿಗೆ. ಮಹಾಸಭೆಯಲ್ಲಿ ಬಂದಿದ್ದು ನಲವತ್ತಕ್ಕೂ ಜಾಸ್ತಿ ಬೇಡಿಕೆ. ನೀವು ಜಗಳ ಮಾಡದೆ ಅದನ್ನು ಹದಿನಾರಕ್ಕೆ ಇಳಿಸಿದಿರಿ. ಹಳೇ ಒಪ್ಪಂದ ಕೊನೆಗೊಳಿಸುವ ನೋಟಿಸನ್ನೂ ಎರಡು ತಿಂಗಳು ಮೊದಲೇ ಕೊಟ್ಟಿದ್ದೆವು. ಕೊಡದಿದ್ದರೆ ಹಳೇ ಷರತ್ತುಗಳೇ ಮುಂದುವರಿಯುತ್ತಿದ್ದವು.

ಮಾತುಕತೆ ನಿಂತಿದ್ದು ಸಂಬಳದ ಮೇಲಲ್ಲ, ಟಾರ್ಗೆಟ್ ಮೇಲೆ. ಸಂಬಳ ಜಾಸ್ತಿ ಬೇಕಾದರೆ ಒಂದು ಪಾಳಿಗೆ 480 ಪೀಸ್ ಕೊಡಿ ಅಂತ ಆಡಳಿತದವರು ಪಟ್ಟು ಹಿಡಿದರು. ನಾವು ಕೊಡುತ್ತಿದ್ದದ್ದು 420. ಒಂಬತ್ತು ಸುತ್ತು ಮಾತಾಡಿದರೂ ಇಬ್ಬರೂ ಬಗ್ಗಲಿಲ್ಲ. ಆಗ ತುಮಕೂರಿನಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದೆವು. ರಾಜಿ ಸಂಧಾನ ಶುರುವಾಯಿತು.

ಅಲ್ಲಿ ಲೆಕ್ಕ ಬಿಡಿಸಿದ್ದು ನಮ್ಮ ಮಷಿನ್ ಶಾಪಿನ ಹಿರಿಯಣ್ಣ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದರು. ಒಂದು ಪೀಸಿಗೆ 60 ಸೆಕೆಂಡ್. ಎಂಟು ಗಂಟೆ ಅಂದರೆ 480 ನಿಮಿಷ, ಹಾಗಾಗಿ 480 ಪೀಸ್. "ಸಾರ್, ಇದರಲ್ಲಿ ನಾವು ಊಟಾನೇ ಮಾಡಿಲ್ವಲ್ಲ" ಅಂದರು. ಊಟಕ್ಕೆ 30 ನಿಮಿಷ, ಎರಡು ಟೀಗೆ 20, ಟೂಲ್ ಬದಲಿಸೋಕೆ 10. ಉಳಿಯುವುದು 420. ಅಧಿಕಾರಿಗಳು ಮರುವಾರ ಸ್ಟಾಪ್‌ವಾಚ್ ಇಟ್ಟು ನೋಡಿ ಅಂದರು. ಅಳೆದಿದ್ದು ಆಡಳಿತದ ಎಂಜಿನಿಯರೇ. ಬಂದ ಲೆಕ್ಕವನ್ನು ಮುಚ್ಚಿಡದೆ ಸಭೆಯಲ್ಲಿ ಹೇಳಿದರು. ಅವರಿಗೂ ನನ್ನ ಕೃತಜ್ಞತೆ. ಕೊನೆಗೆ ಊಟದ ಹೊತ್ತಲ್ಲೇ ಮಷಿನ್ ಸೆಟ್ಟರ್ ಬಂದು ಟೂಲ್ ಬದಲಿಸುವುದು, ಅವರಿಗೆ ಊಟದ ಬಿಡುವು ಬೇರೆ ಹೊತ್ತಲ್ಲಿ, ಟಾರ್ಗೆಟ್ 430 ಅಂತ ತೀರ್ಮಾನವಾಯಿತು.

ತಿಂಗಳ ಸಂಬಳ ಏರಿದ್ದು ಮೂರು ವರ್ಷಕ್ಕೆ 6,000 ರೂಪಾಯಿ. ಅದರಲ್ಲಿ 4,000 ಬೇಸಿಕ್‌ಗೇ ಸೇರಬೇಕು ಅಂತ ಪಟ್ಟು ಬಿಡದ ಸಮಿತಿಯ ಗೆಳೆಯರಿಗೆ ಎಷ್ಟು ಹೇಳಿದರೂ ಸಾಲದು. ಆಡಳಿತದವರು 2,000 ಮಾತ್ರ ಬೇಸಿಕ್‌ಗೆ, ಉಳಿದದ್ದು ಭತ್ಯೆಗೆ ಅಂದಿದ್ದರು. ಕೈಗೆ ಬರುವುದು ಹೆಚ್ಚುಕಮ್ಮಿ ಅಷ್ಟೇ ಅಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ಆಗಿನ ಕಾಯ್ದೆಯಂತೆ ಗ್ರಾಚ್ಯುಟಿ ಲೆಕ್ಕ ಹಾಕುತ್ತಿದ್ದದ್ದು ಬೇಸಿಕ್ ಮತ್ತು ಡಿಎ ಮೇಲೆ, ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. 26 ವರ್ಷ ದುಡಿದು ನಿವೃತ್ತಿಯಾಗುವವರಿಗೆ ಆ 2,000ದಿಂದಲೇ 30,000 ರೂಪಾಯಿ ವ್ಯತ್ಯಾಸ.

ಸಂಘಕ್ಕೆ ಸೇರದ ಅಣ್ಣತಮ್ಮಂದಿರೇ, ಇದು ನಿಮಗೂ ಸಿಗುತ್ತೆ. ಸುಮ್ನೆ ಎರಡು ಕಡೆಯವರು ಕೂತು ಸಹಿ ಹಾಕಿದ್ದರೆ ಅದು ಸಹಿ ಹಾಕಿದವರಿಗಷ್ಟೇ ಅನ್ವಯ. ಸಂಧಾನಾಧಿಕಾರಿ ಮುಂದೆ 1947ರ ಕೈಗಾರಿಕಾ ವಿವಾದ ಕಾಯ್ದೆಯ 12(3) ಅಡಿ ಆದದ್ದರಿಂದ ಎಲ್ಲ ಕಾರ್ಮಿಕರಿಗೂ ಅನ್ವಯ. ಅಷ್ಟು ದಿನ ತಾಳ್ಮೆಯಿಂದ ಕೂತ ಅಧಿಕಾರಿಗಳಿಗೆ ನಮಸ್ಕಾರ.

ಬಾಕಿ ಹಣ ಈ ತಿಂಗಳ ಸಂಬಳದ ಜೊತೆ ಬರುತ್ತೆ. ಪೇ ಸ್ಲಿಪ್‌ನಲ್ಲಿ ಬೇಸಿಕ್ ಕಾಲಂ ನೋಡಿ. ಏರದಿದ್ದರೆ ಸ್ಲಿಪ್ ಹಿಡಿದು ನನ್ನ ಹತ್ತಿರ ಬನ್ನಿ.