ಹೆಬ್ಬೆಟ್ಟಿನ ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಬೇಕು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ತಮ್ಮ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುವ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಒಂದು ವಿಷಯವನ್ನು ಚರ್ಚೆಗೆ ತರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಸಹಿ ಮಾಡಲು ಬಾರದವರು ಮತ್ತು ವಯಸ್ಸು, ಕಾಯಿಲೆಗಳಿಂದ ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ ಸಾಕ್ಷಿಗಳನ್ನು ಎಲ್ಲಿಂದ ತರಬೇಕು ಎಂಬುದೇ ಆ ವಿಷಯ. ಈ ಬಗ್ಗೆ ನಿಯಮ ಸ್ಪಷ್ಟವಾಗಿದ್ದರೂ ಅದು ಕೌಂಟರಿನವರೆಗೆ ತಲುಪಿಲ್ಲ.

ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರಿಗೆ ಓದು ಬರಹ ಬಾರದು. ಸಂಧ್ಯಾ ಸುರಕ್ಷಾ ಪಿಂಚಣಿಯೂ ಗೃಹಲಕ್ಷ್ಮಿ ಹಣವೂ ಸೇರಿ ಅವರ ಉಳಿತಾಯ ಖಾತೆಯಲ್ಲಿ ಚಿಕಿತ್ಸೆಗೆ ಒದಗುವಷ್ಟು ದುಡ್ಡಿತ್ತು. ಪಾಸ್‌ಬುಕ್ ಹಿಡಿದು ಶಾಖೆಗೆ ಹೋದ ಸೊಸೆಗೆ ಸಿಕ್ಕ ಉತ್ತರ ಇಷ್ಟೇ: ಅಜ್ಜಿಯನ್ನು ಇಲ್ಲಿಗೇ ಕರೆದುಕೊಂಡು ಬನ್ನಿ, ಜೊತೆಗೆ ಇದೇ ಶಾಖೆಯಲ್ಲಿ ಖಾತೆ ಇರುವ ಇಬ್ಬರು ಸಾಕ್ಷಿಗಳೂ ಬರಲಿ. ಕೊನೆಗೆ ಅವರನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದು ಬ್ಯಾಂಕಿನ ಮುಂದೆ ನಿಲ್ಲಿಸಿದರು. ಗುಮಾಸ್ತರು ಇಂಕ್ ಪ್ಯಾಡ್ ಹಿಡಿದು ಆಟೋದ ಬಳಿಗೆ ಬಂದರು. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ಅಜ್ಜಿಯ ಮುಖವನ್ನೇ ನೋಡಿರದ ವ್ಯಕ್ತಿ. ತಮ್ಮ ಕೆಲಸಕ್ಕೆಂದು ಬಂದು ಸಾಲಿನಲ್ಲಿ ನಿಂತಿದ್ದವರು, ಕೇಳಿಕೊಂಡಿದ್ದಕ್ಕೆ ಸಹಿ ಹಾಕಿ ಹೋದರು.

ಇದೇ ಸಂದರ್ಭಕ್ಕೆ ರಿಸರ್ವ್ ಬ್ಯಾಂಕ್ ಏನು ಹೇಳಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಗ್ರಾಹಕ ಸೇವೆ ಕುರಿತು 2015ರ ಜುಲೈ 1ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯಲ್ಲಿ ವೃದ್ಧರು, ರೋಗಿಗಳು ಮತ್ತು ಅಶಕ್ತರ ಖಾತೆಗಳಿಗೆಂದೇ ಒಂದು ಭಾಗವಿದೆ. ಅಂಥ ಖಾತೆದಾರರ ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತು ಪಡೆದಾಗ, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು ಎನ್ನುತ್ತದೆ ಅದು. ಅಂದರೆ ಕುಟುಂಬದವರು ಹುಡುಕಬೇಕಾದದ್ದು ಹೆಚ್ಚೆಂದರೆ ಒಬ್ಬರನ್ನು. ಹೆಬ್ಬೆಟ್ಟನ್ನೂ ಒತ್ತಲಾಗದೆ, ಶಾಖೆಗೂ ಬರಲಾಗದೆ ಇರುವವರಿಗೂ ದಾರಿ ಇದೆ. ಚೆಕ್ಕಿನ ಅಥವಾ ಹಣ ತೆಗೆಯುವ ಚೀಟಿಯ ಮೇಲೆ ಅವರು ಹಾಕಿದ ಯಾವುದಾದರೊಂದು ಗುರುತನ್ನು ಇದೇ ರೀತಿ ಇಬ್ಬರು ಸಾಕ್ಷಿಗಳ ಮೂಲಕ ದೃಢಪಡಿಸಿಕೊಳ್ಳಬಹುದು. ಹಣವನ್ನು ಯಾರು ಪಡೆಯುತ್ತಾರೆ ಎಂಬುದನ್ನು ಖಾತೆದಾರರೇ ತಿಳಿಸಬೇಕು, ಆ ವ್ಯಕ್ತಿಯನ್ನೂ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಮತ್ತು ಆತನ ಸಹಿಯನ್ನು ಬ್ಯಾಂಕ್ ಪಡೆಯಬೇಕು.

ಇದಕ್ಕೆ 2017ರ ನವೆಂಬರ್ 9ರ ಇನ್ನೊಂದು ಸುತ್ತೋಲೆಯನ್ನು ಸೇರಿಸಿ ಓದಬೇಕು. ಎಪ್ಪತ್ತು ವರ್ಷ ಮೀರಿದವರಿಗೆ, ಅಂಗವಿಕಲರಿಗೆ ಮತ್ತು ಅಶಕ್ತರಿಗೆ ಖಾತೆಯಿಂದ ತೆಗೆದ ಹಣವನ್ನು ಮನೆಗೇ ತಲುಪಿಸುವುದೂ ಸೇರಿದಂತೆ ಮೂಲಭೂತ ಸೇವೆಗಳನ್ನು ಮನೆ ಬಾಗಿಲಲ್ಲಿ ಒದಗಿಸುವಂತೆ ಅದು ಬ್ಯಾಂಕುಗಳಿಗೆ ಸೂಚಿಸಿತ್ತು. ಎರಡನ್ನೂ ಪಾಲಿಸಿದ್ದರೆ ಆ ಅಜ್ಜಿಯ ವಿಷಯದಲ್ಲಿ ಆಗಬೇಕಾಗಿದ್ದದ್ದು ಹೀಗೆ: ಶಾಖೆಯ ಒಬ್ಬ ಅಧಿಕಾರಿ ಮನೆಗೆ ಹೋಗಿ, ಪಾಸ್‌ಬುಕ್ಕಿನ ಮತ್ತು ಶಾಖೆಯ ದಾಖಲೆಯ ಭಾವಚಿತ್ರಕ್ಕೆ ಮುಖವನ್ನು ಹೋಲಿಸಿ ನೋಡಿ, ಎಷ್ಟು ಹಣ ಬೇಕು, ಯಾರ ಕೈಗೆ ಕೊಡಬೇಕು ಎಂದು ಅಜ್ಜಿಯನ್ನೇ ಕೇಳಿ, ಚೀಟಿಯಲ್ಲಿ ಮೊತ್ತ ಬರೆದು ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಪಕ್ಕದಲ್ಲಿ ಇದು ಇಂಥವರ ಹೆಬ್ಬೆಟ್ಟಿನ ಗುರುತು ಎಂದು ಬರೆದು, ಒಬ್ಬ ಸಾಕ್ಷಿಯಾಗಿ ಅಧಿಕಾರಿಯೂ ಇನ್ನೊಬ್ಬ ಸಾಕ್ಷಿಯಾಗಿ ಮನೆಯವರಲ್ಲದ, ಬ್ಯಾಂಕಿಗೆ ಗೊತ್ತಿರುವ ಊರಿನವರೊಬ್ಬರೂ ಸಹಿ ಹಾಕುವುದು.

ಸಾಕ್ಷಿಯ ನಿಯಮವನ್ನೇ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಸಹಿಯನ್ನಾದರೆ ಗುಮಾಸ್ತರು ಮಾದರಿ ಸಹಿಯೊಂದಿಗೆ ಕಣ್ಣಳತೆಯಲ್ಲಿ ಹೋಲಿಸಬಲ್ಲರು. ಕಾಗದದ ಮೇಲಿನ ಹೆಬ್ಬೆಟ್ಟನ್ನು ಹಾಗೆ ಹೋಲಿಸಲು ಬೆರಳಚ್ಚು ತಜ್ಞರೇ ಬೇಕು. ಅದರಲ್ಲೂ ಕೂಲಿ ಮಾಡಿ ಗೆರೆಗಳು ಸವೆದುಹೋದ ಬೆರಳಿಗೆ ಇಂಕು ತುಸು ಹೆಚ್ಚಾದರೂ ಕಾಗದದ ಮೇಲೆ ಉಳಿಯುವುದು ಬರೀ ಕಪ್ಪು ಮಚ್ಚೆ. ಆದ್ದರಿಂದ ಇವರೇ ನನ್ನ ಕಣ್ಣೆದುರು ಒತ್ತಿದರು ಎಂದು ಹೇಳಬಲ್ಲ ಸಾಕ್ಷಿಯೇ ಆ ಗುರುತಿಗೆ ಬಲ. ಹಾಸಿಗೆ ಹಿಡಿದವರ ಹಣಕ್ಕೆ ಕೈಹಾಕುವವರು ಎಷ್ಟೋ ಸಲ ಮನೆಯೊಳಗೇ ಇರುತ್ತಾರೆ. ಸ್ವತಂತ್ರ ಸಾಕ್ಷಿ ಬೇಕೆನ್ನುವುದು ಅದಕ್ಕೇ. ಸಾಲಿನಲ್ಲಿ ನಿಂತ ಅಪರಿಚಿತರಿಂದ ಸಹಿ ಹಾಕಿಸಿಕೊಂಡಾಗ ಈ ರಕ್ಷಣೆಯೇ ಇಲ್ಲವಾಗುತ್ತದೆ. ಖಾತೆಯಲ್ಲಿ ಎಷ್ಟಿದೆ, ಎಷ್ಟು ತೆಗೆದರು ಎಂಬುದು ಹೊರಗಿನವರಿಗೆ ಗೊತ್ತಾಗುತ್ತದೆ, ಸಾಕ್ಷಿ ಹಾಕುವುದಕ್ಕೇ ಕಾಸು ಕೇಳುವವರು ಹುಟ್ಟಿಕೊಳ್ಳಲೂ ಅವಕಾಶವಾಗುತ್ತದೆ.

ನಾಮನಿರ್ದೇಶನದಲ್ಲಿಯೂ ಇದೇ ತೊಡಕು. ಸಹಿ ಮಾಡುವ ಖಾತೆದಾರರ ನಾಮಿನಿ ಅರ್ಜಿಗೆ ಸಾಕ್ಷಿ ಬೇಕಿಲ್ಲ, ಹೆಬ್ಬೆಟ್ಟು ಒತ್ತುವವರ ಅರ್ಜಿಗೆ ಮಾತ್ರ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳಿಲ್ಲವೆಂದು ಆ ಅರ್ಜಿಯನ್ನು ಇನ್ನೊಂದು ದಿನಕ್ಕೆ ಮುಂದೂಡಿದರೆ ಅದು ಹಾಗೆಯೇ ಉಳಿದುಬಿಡುತ್ತದೆ, ಖಾತೆದಾರರು ತೀರಿಕೊಂಡ ಮೇಲೆ ಅದರ ಕಷ್ಟ ಮನೆಯವರ ಪಾಲಿಗೆ ಬರುತ್ತದೆ.

ಬ್ಯಾಂಕ್ ಮಿತ್ರರ ಯಂತ್ರಕ್ಕೆ ಬೆರಳಿಟ್ಟರೆ ಸಾಕ್ಷಿಯ ತಾಪತ್ರಯವಿಲ್ಲವಲ್ಲ ಎಂದು ಸಭೆಯಲ್ಲಿ ಯಾರಾದರೂ ಹೇಳಬಹುದು. ಸವೆದ ಬೆರಳುಗಳನ್ನು ಆ ಯಂತ್ರ ಮತ್ತೆ ಮತ್ತೆ ನಿರಾಕರಿಸುತ್ತದೆ, ಮತ್ತು ಅದರ ಪರದೆಯ ಮೇಲೆ ನಮೂದಾದ ಮೊತ್ತವನ್ನು ಓದಲು ಬಾರದವರು ನಿರ್ವಾಹಕರ ಮಾತನ್ನೇ ನಂಬಬೇಕಾಗುತ್ತದೆ. ಅದು ಇನ್ನೊಂದು ಅನುಕೂಲವಾಗಿ ಇರಲಿ, ಶಾಖೆಯ ಹೊಣೆ ತಪ್ಪಿಸಿಕೊಳ್ಳುವ ನೆಪವಾಗುವುದು ಬೇಡ.

ಸಿಬ್ಬಂದಿ ಕೊರತೆಯಿರುವ ಗ್ರಾಮೀಣ ಶಾಖೆಯಲ್ಲಿ ವ್ಯವಸ್ಥಾಪಕರು ಕೆಲಸದ ವೇಳೆಯಲ್ಲಿ ಹಳ್ಳಿಗೆ ಹೊರಡುವುದು ಸುಲಭವಲ್ಲ ಎಂಬುದು ನನಗೆ ತಿಳಿದಿದೆ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಮನೆ ಭೇಟಿಗೆಂದು ಗೊತ್ತುಮಾಡಿ, ಅದನ್ನು ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಿದರೆ ಒಂದೇ ದಾರಿಯಲ್ಲಿರುವ ಹಲವರ ಕೆಲಸ ಒಟ್ಟಿಗೆ ಮುಗಿಯುತ್ತದೆ. ಎರಡನೆಯ ಸಾಕ್ಷಿಯ ವಿಷಯದಲ್ಲಿ ತಮ್ಮ ಆಡಳಿತವೇ ನೆರವಾಗಬಲ್ಲದು. ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿ ಕಾರ್ಯದರ್ಶಿ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಊರಿನ ಪ್ರತಿಯೊಬ್ಬ ವೃದ್ಧರ ಗುರುತೂ ಇರುತ್ತದೆ. ಇಚ್ಛೆಯುಳ್ಳವರ ಹೆಸರು ಮತ್ತು ಮಾದರಿ ಸಹಿಯನ್ನು ಆಯಾ ಶಾಖೆಗೆ ಮುಂಚಿತವಾಗಿ ಕೊಟ್ಟಿದ್ದರೆ ಅವರು ಬ್ಯಾಂಕಿಗೂ ಪರಿಚಿತರಾಗುತ್ತಾರೆ, ಹಣದಲ್ಲಿ ಪಾಲಿಲ್ಲದ ಸ್ವತಂತ್ರ ಸಾಕ್ಷಿಗಳೂ ಆಗುತ್ತಾರೆ.

ಆದ್ದರಿಂದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದೂ, ಹೆಬ್ಬೆಟ್ಟಿಗೆ ಸಾಕ್ಷಿಗಳಲ್ಲಿ ಒಬ್ಬರು ಶಾಖೆಯ ಅಧಿಕಾರಿಯೇ ಆಗಿರಬೇಕೆಂಬುದನ್ನೂ ಮನೆ ಬಾಗಿಲ ಸೇವೆಯನ್ನು ಕೇಳುವ ಬಗೆಯನ್ನೂ ಕನ್ನಡದಲ್ಲಿ ಬರೆದು ಪ್ರತಿ ಶಾಖೆಯ ಕೌಂಟರಿನ ಬಳಿ ಹಾಕುವಂತೆ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಮೂಲಕ ತಿಳಿಸಬೇಕೆಂದೂ ಕೋರುತ್ತೇನೆ. ಮೊತ್ತ ಬರೆಯದ ಖಾಲಿ ಚೀಟಿಯ ಮೇಲೆ ಯಾರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಳ್ಳಬಾರದೆಂಬ ಮಾತೂ ಆ ಫಲಕದಲ್ಲಿರಲಿ. ಹೆಬ್ಬೆಟ್ಟು ಖಾತೆದಾರರಲ್ಲಿ ಎಷ್ಟು ಮಂದಿಗೆ ನಾಮಿನಿ ಇಲ್ಲ, ಕಳೆದ ಮೂರು ತಿಂಗಳಲ್ಲಿ ಎಷ್ಟು ಮನೆ ಭೇಟಿಗಳಾಗಿವೆ ಎಂಬ ವಿವರವನ್ನು ಶಾಖಾವಾರು ತರಿಸಿಕೊಂಡು, ಅದನ್ನು ಸಭೆಯ ನಡವಳಿಯಲ್ಲಿ ದಾಖಲಿಸಿ ಸಾರ್ವಜನಿಕರಿಗೂ ಸಿಗುವಂತೆ ಮಾಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲೆಯ ಒಬ್ಬ ನಿವಾಸಿ