ಬಟಾಣಿ ಕಾಳಿನಷ್ಟು ಕ್ಯಾರೆಟ್

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮೂರೂವರೆ ವರ್ಷದ ನಿನ್ನ ಮಗಳು ಅನ್ನ, ಬ್ರೆಡ್, ಬಾಳೆಹಣ್ಣು, ಹುರಿದ ಆಲೂಗಡ್ಡೆ ಮತ್ತು ಹಾಲು ಇಷ್ಟರಲ್ಲೇ ದಿನ ಕಳೆಯುತ್ತಾಳೆಂದೂ, ಬೇರೆ ಯಾವುದೇ ತರಕಾರಿ ಕಂಡರೆ ತಟ್ಟೆಯನ್ನೇ ದೂಡುತ್ತಾಳೆಂದೂ ಬರೆದಿದ್ದೀಯೆ. ಒಂದು ವರ್ಷದವಳಿದ್ದಾಗ ಕುಂಬಳಕಾಯಿ, ಬೀನ್ಸ್ ಎಲ್ಲವನ್ನೂ ಚಪ್ಪರಿಸಿ ತಿನ್ನುತ್ತಿದ್ದವಳು ಹೀಗೇಕಾದಳು ಎಂದು ಕೇಳಿದ್ದೀಯೆ. ಇದು ಹಟವಲ್ಲ, ನಿಮ್ಮ ಅಡುಗೆಯ ದೋಷವೂ ಅಲ್ಲ. ಮಗು ತಾನೇ ಓಡಾಡಲು ಕಲಿತ ಮೇಲೆ, ಸುಮಾರು ಎರಡರಿಂದ ಆರು ವರ್ಷದ ನಡುವೆ, ಪರಿಚಯವಿಲ್ಲದ ಆಹಾರದ ಬಗ್ಗೆ ಒಂದು ಅಳುಕು ಬಹುತೇಕ ಮಕ್ಕಳಲ್ಲಿ ಬಲವಾಗಿರುತ್ತದೆ. ಹುಟ್ಟಿನಿಂದಲೇ ಸಿಹಿಯನ್ನು ಬಯಸುವ, ಕಹಿಯನ್ನು ದೂರವಿಡುವ ನಾಲಿಗೆಗೆ ತರಕಾರಿಯ ಸಣ್ಣ ಕಹಿಯೂ ಎದ್ದು ತೋರುತ್ತದೆ. ಕೆಲವರಿಗೆ ಅದು ವಂಶವಾಹಿಯ ಕಾರಣದಿಂದಲೇ ಹೆಚ್ಚು ತೀವ್ರವಾಗಿರುತ್ತದೆ.

ತರಕಾರಿಯ ಮಾತಿಗೆ ಮುನ್ನ ಹಾಲಿನ ಲೆಕ್ಕವನ್ನೊಮ್ಮೆ ನೋಡು. ಈ ವಯಸ್ಸಿನ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಧಾರಾಳವಾಯಿತು. ಅದಕ್ಕಿಂತ ಹೆಚ್ಚು ಕುಡಿದರೆ ಹೊಟ್ಟೆ ತುಂಬಿ ಊಟ ಬೇಡವಾಗುತ್ತದೆ, ಕಬ್ಬಿಣದ ಅಂಶ ಕಡಿಮೆಯಾಗುವ ಅಪಾಯವೂ ಇದೆ. ಕೇಳಿದಾಗಲೆಲ್ಲ ಬಿಸ್ಕತ್ತು ಕೊಡುವ ಬದಲು, ಊಟ ತಿಂಡಿಗಳ ನಡುವೆ ಎರಡೂವರೆ ಮೂರು ಗಂಟೆ ನೀರನ್ನು ಮಾತ್ರ ಕೊಡು. ಹಸಿವಿಲ್ಲದ ಮಗುವಿನ ಮುಂದೆ ಹೊಸ ತರಕಾರಿ ಇಟ್ಟು ಪ್ರಯೋಜನವಿಲ್ಲ.

ಇನ್ನು ಮುಖ್ಯ ವಿಷಯ. ಎಲ್ಲ ತರಕಾರಿಗಳನ್ನೂ ಒಟ್ಟಿಗೆ ಕಲಿಸಲು ಹೋಗಬೇಡ. ಒಂದನ್ನು ಮಾತ್ರ ಆರಿಸಿಕೋ. ನಿನ್ನ ಮಗಳಿಗೆ ನಾನು ಕ್ಯಾರೆಟ್ ಸೂಚಿಸುತ್ತೇನೆ, ಏಕೆಂದರೆ ಅದು ಸ್ವಲ್ಪ ಸಿಹಿಯಾಗಿರುತ್ತದೆ ಮತ್ತು ಅವಳು ಈಗಾಗಲೇ ಒಪ್ಪಿರುವ ಆಲೂಗಡ್ಡೆಯ ಆಕಾರದಲ್ಲೇ ಹೆಚ್ಚಿ, ಅದರ ಹಾಗೆಯೇ ಹುರಿಯಬಹುದು. ಮೊದಲ ಕೆಲವು ದಿನ ಆಲೂಗಡ್ಡೆಯನ್ನು ಬೆರಳುದ್ದದ ಕಡ್ಡಿಗಳಂತೆ ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಅಂಚು ಗರಿಯಾಗುವವರೆಗೆ ಹುರಿದು ಕೊಡು. ಆ ರೂಪಕ್ಕೆ ಅವಳು ಒಗ್ಗಿದ ಮೇಲೆ, ಅದೇ ಗಾತ್ರಕ್ಕೆ ಹೆಚ್ಚಿದ ಕ್ಯಾರೆಟ್ಟನ್ನು ಮೊದಲು ಮೆತ್ತಗೆ ಬೇಯಿಸಿಕೊಂಡು, ಅದೇ ಬಾಣಲೆಯಲ್ಲಿ ಅಷ್ಟೇ ಉಪ್ಪಿನೊಂದಿಗೆ ಹುರಿ. ಅದರಿಂದ ಬಟಾಣಿ ಕಾಳಿನಷ್ಟು ಒಂದು ಚೂರನ್ನು ಕತ್ತರಿಸಿ ಪ್ರತ್ಯೇಕವಾದ ಸಣ್ಣ ಬಟ್ಟಲಲ್ಲಿ ಇಡು. ಆಲೂಗಡ್ಡೆಯ ಜೊತೆ ಬೆರೆಸಬೇಡ. ಬೆರೆಸಿದರೆ ಅವಳು ಆಲೂಗಡ್ಡೆಯನ್ನೂ ಬಿಟ್ಟಾಳು. ಪಕ್ಕದಲ್ಲಿ ಒಂದು ಖಾಲಿ ಬಟ್ಟಲೂ ಇರಲಿ. ಬೇಡವೆನಿಸಿದರೆ ಅದರಲ್ಲಿ ಉಗುಳಬಹುದೆಂದು ಮೊದಲೇ ಹೇಳಿರು. ಹೊರಬರುವ ದಾರಿ ಗೊತ್ತಿರುವ ಮಗು ಬಾಯಿಗೆ ಹಾಕಿಕೊಳ್ಳಲು ಅಷ್ಟು ಹೆದರುವುದಿಲ್ಲ.

ಮೊದಲ ದಿನ ಅವಳು ಆ ಚೂರನ್ನು ನೋಡಿ ಮುಖ ತಿರುಗಿಸಬಹುದು. ಇನ್ನೊಂದು ದಿನ ಬೆರಳಿನಿಂದ ಒತ್ತಿ, ಆ ಬೆರಳನ್ನು ಮೂಸಿ, ಅಂಗಿಗೆ ಒರೆಸಿಕೊಳ್ಳುತ್ತಾಳೆ. ಆಮೇಲೆ ನಾಲಿಗೆಯ ತುದಿಗೆ ತಾಗಿಸುತ್ತಾಳೆ, ಬಾಯಿಗೆ ಹಾಕಿ ಉಗುಳುತ್ತಾಳೆ, ಅದಾದ ಬಳಿಕ ಎಂದೋ ನುಂಗುತ್ತಾಳೆ. ಹೊರಗಿನಿಂದ ನೋಡುವವರಿಗೆ ಇದೆಲ್ಲ ನಿರಾಕರಣೆಯೇ. ಆದರೆ ಮೂಸಿದ ಕೈಯನ್ನು ನೀನು ಮುನ್ನಡೆ ಎಂದೇ ಎಣಿಸಬೇಕು. ರುಚಿಗೆ ಒಗ್ಗಲು ಸಾಮಾನ್ಯವಾಗಿ ಎಂಟರಿಂದ ಹದಿನೈದು ಬಾರಿಯಾದರೂ ನಾಲಿಗೆಗೆ ಅದರ ಪರಿಚಯವಾಗಬೇಕಾಗುತ್ತದೆ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು. ಬರಿದೇ ತಟ್ಟೆಯಲ್ಲಿ ಕಂಡದ್ದು ರುಚಿ ನೋಡಿದಷ್ಟು ಫಲ ಕೊಡುವುದಿಲ್ಲ. ಬಹಳಷ್ಟು ತಂದೆತಾಯಂದಿರು ಮೂರು ನಾಲ್ಕು ಸಲ ಇಟ್ಟು, 'ಇವಳಿಗೆ ಕ್ಯಾರೆಟ್ ಆಗುವುದಿಲ್ಲ' ಎಂದು ತೀರ್ಮಾನಿಸಿಬಿಡುತ್ತಾರೆ. ಆದ್ದರಿಂದ ದಿನಕ್ಕೊಂದು ಬಾರಿ, ಅದೇ ತರಕಾರಿಯನ್ನು ಅದೇ ರೂಪದಲ್ಲಿ, ಎರಡು ಮೂರು ವಾರ ಇಡು. ಆ ಹೊತ್ತಿಗೆ ನೀನೂ ಎದುರಿಗೆ ಕುಳಿತು ಅದನ್ನೇ ತಿನ್ನು, ಆದರೆ ಅವಳ ಬಾಯಿಯನ್ನೇ ನೋಡುತ್ತ ಕೂರಬೇಡ.

ಅವಳು ತಾನಾಗಿಯೇ ಕ್ಯಾರೆಟ್ಟಿನ ಎರಡನೆಯ ಚೂರು ಕೇಳಿದಾಗ ಅಥವಾ ಉಗುಳದೆ ಹಲವು ದಿನ ತಿಂದಾಗ ಆಲೂಗಡ್ಡೆಯಿಂದ ಶುರುವಾದ ಈ ಸರಪಳಿಯನ್ನು ಮುಂದುವರಿಸು: ಹುರಿಯುವುದನ್ನು ಕ್ರಮೇಣ ಕಡಿಮೆ ಮಾಡಿ ಬೇಯಿಸಿದ ಕ್ಯಾರೆಟ್, ಅಲ್ಲಿಂದ ಅದೇ ಬಣ್ಣ ಮತ್ತು ಸಿಹಿಯಿರುವ ಕುಂಬಳಕಾಯಿ. ಹಸಿರು ತರಕಾರಿಯ ಸರದಿ ಆಮೇಲೆ ಬರಲಿ. ಒಮ್ಮೆಗೆ ಒಂದೇ ಗುಣ ಬದಲಾಗಬೇಕು. ಆಕಾರ, ಬಣ್ಣ, ಮೃದುತ್ವ ಮೂರೂ ಒಟ್ಟಿಗೆ ಬದಲಾದರೆ ಅವಳಿಗೆ ಅದು ಮತ್ತೆ ಅಪರಿಚಿತ ವಸ್ತುವೇ.

'ಕ್ಯಾರೆಟ್ ತಿಂದರೆ ಐಸ್‌ಕ್ರೀಮ್' ಎಂಬ ನಿಮ್ಮ ಮನೆಯ ಒಪ್ಪಂದದ ಬಗ್ಗೆ ನನಗೆ ತೀವ್ರ ಭಿನ್ನಾಭಿಪ್ರಾಯವಿದೆ. ಅಂದಿನ ಮಟ್ಟಿಗೆ ಎರಡು ತುತ್ತು ಒಳಗೆ ಹೋಗುತ್ತದೆ ನಿಜ, ಆದರೆ ಐಸ್‌ಕ್ರೀಮ್ ಬಹುಮಾನವಾದೊಡನೆ ಕ್ಯಾರೆಟ್ ದಂಡವಾಗುತ್ತದೆ, ಇದರಿಂದ ಐಸ್‌ಕ್ರೀಮಿನ ಮೇಲಿನ ಆಸೆ ಮಾತ್ರ ಹೆಚ್ಚುತ್ತದೆ. ಬಹುಮಾನ ಬೇಕೇಬೇಕು ಎನಿಸಿದರೆ, ರುಚಿ ನೋಡಿದ್ದಕ್ಕೆ, ಉಗುಳಿದರೂ ಸರಿಯೇ, ಒಂದು ಸ್ಟಿಕ್ಕರ್ ಅಂಟಿಸಿಕೊಳ್ಳಲು ಕೊಡು. ತಿನ್ನುವ ವಸ್ತುವನ್ನು ಕೊಡಬೇಡ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಹಾಕಿಕೊಟ್ಟ ಹಂಚಿಕೆ ಇಲ್ಲಿ ಉಪಯುಕ್ತ: ಏನನ್ನು, ಯಾವಾಗ, ಎಲ್ಲಿ ಕೊಡಬೇಕೆಂಬುದು ದೊಡ್ಡವರ ನಿರ್ಧಾರ; ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಪ್ರತಿ ಊಟದಲ್ಲೂ ಅವಳು ತಿನ್ನುವ ಒಂದು ಪದಾರ್ಥವಂತೂ ಇರಲಿ, ಆಗ ಕ್ಯಾರೆಟ್ ಬಿಟ್ಟರೂ ಅವಳು ಹಸಿದಿರುವುದಿಲ್ಲ, ನೀನೂ ಎದ್ದು ಬೇರೆ ಅಡುಗೆ ಮಾಡಬೇಕಾಗುವುದಿಲ್ಲ.

ತರಕಾರಿಯನ್ನು ರುಬ್ಬಿ ಹಿಟ್ಟಿನಲ್ಲಿ ಸೇರಿಸುವ ಉಪಾಯದ ಬಗ್ಗೆ ನಿನ್ನ ಹೆಂಡತಿ ಕೇಳಿದ್ದಾರೆ. ಅದರಿಂದ ಪೋಷಕಾಂಶ ಸಿಗುತ್ತದೆ, ತಪ್ಪೇನಿಲ್ಲ. ಆದರೆ ಕಾಣದ ಕ್ಯಾರೆಟ್ಟನ್ನು ಮಗು ಪರಿಚಯ ಮಾಡಿಕೊಳ್ಳಲಾರದು. ಸೇರಿಸುವುದಾದರೆ ಅವಳ ಎದುರಿಗೇ ಸೇರಿಸಲಿ, ಕಲಸಲು ಅವಳನ್ನೂ ಕರೆಯಲಿ. ಗುಟ್ಟು ಬಯಲಾದ ದಿನ ನೆಚ್ಚಿನ ತಿನಿಸನ್ನೂ ಬಿಟ್ಟ ಮಕ್ಕಳಿದ್ದಾರೆ.

ಹಸಿ ಕ್ಯಾರೆಟ್ಟನ್ನು ದುಂಡಗೆ ಹೆಚ್ಚಿ ಕೊಡಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿರಬೇಕು. ಅವಳು ತಿನ್ನುವಾಗ ಕುಳಿತೇ ಇರಲಿ. ಈಗಿನ ಪಟ್ಟಿಯಿಂದಲೂ ಒಂದೊಂದೇ ಪದಾರ್ಥ ಕಳಚಿಕೊಳ್ಳುತ್ತಿದ್ದರೆ, ತೂಕ ಏರದೆ ನಿಂತರೆ ಅಥವಾ ಇಳಿದರೆ, ಗಟ್ಟಿ ಆಹಾರ ಬಾಯಿಗಿಟ್ಟಾಗಲೆಲ್ಲ ಓಕರಿಕೆ ಬಂದರೆ, ನುಂಗುವಾಗ ಕೆಮ್ಮಿದರೆ, ಈ ಸಣ್ಣ ಬಟ್ಟಲಿನ ಕ್ರಮವನ್ನು ನಿಲ್ಲಿಸಿ ಮಕ್ಕಳ ವೈದ್ಯರನ್ನು ಕಾಣು. ಹಾಲು ಹೆಚ್ಚು ಕುಡಿಯುತ್ತಿದ್ದು, ಮುಖ ಬಿಳಚಿಕೊಂಡಂತೆ ಕಂಡರೆ ರಕ್ತಪರೀಕ್ಷೆಯ ಬಗ್ಗೆಯೂ ಅವರನ್ನು ಕೇಳು. ಅವಳ ತೂಕ ಮತ್ತು ದಿನದ ಹಾಲಿನ ಪ್ರಮಾಣ ಎಷ್ಟೆಂದು ಮುಂದಿನ ಪತ್ರದಲ್ಲಿ ಬರೆ.

ಇಂತಿ,
ನಿನ್ನ ಗೆಳೆಯ